ಅದೇ ಮಾರ್ಕ್ಸ್, ಎರಡು ಆವರೇಜ್: ನನ್ನ ಗ್ರೇಡ್‌ಬುಕ್ಕಿನ ಲೆಕ್ಕ

ನಾನು ಅಮೆರಿಕದ ಒಂದು ಹೈಸ್ಕೂಲಿನಲ್ಲಿ ಆಲ್ಜಿಬ್ರಾ ಕಲಿಸುತ್ತೇನೆ. ಇಲ್ಲಿ ನಮ್ಮ ಕಡೆಯ ಹಾಗೆ ಕೊನೆಯ ಪರೀಕ್ಷೆಯ ಮೇಲೇ ಎಲ್ಲಾ ನಿಂತಿರುವುದಿಲ್ಲ. ಹೋಮ್‌ವರ್ಕ್, ಕ್ವಿಜ್, ಟೆಸ್ಟ್ ಎಲ್ಲಾ ಸೇರಿ ಒಂದು ಪರ್ಸೆಂಟೇಜ್ ಬರುತ್ತದೆ, ಅದರ ಮೇಲೆ ಗ್ರೇಡ್. 80 ದಾಟಿದರೆ ಬಿ, ಅದಕ್ಕಿಂತ ಕೆಳಗೆ ಸಿ. ಆದರೆ ಈ ಮೂರನ್ನು ಸೇರಿಸುವ ರೀತಿ ಎಲ್ಲಾ ಕಡೆ ಒಂದೇ ಅಲ್ಲ. ನಮ್ಮ ಗಣಿತ ವಿಭಾಗ ಮೊದಲು ಪಾಯಿಂಟ್ಸ್ ಲೆಕ್ಕದಲ್ಲಿತ್ತು, ಆಮೇಲೆ ವೇಯ್ಟೇಜ್‌ಗೆ ಹೋಯಿತು. ಬದಲಾಯಿಸುವ ಮುಂಚೆ ಹಿಂದಿನ ಸೆಮಿಸ್ಟರಿನ ಅಂಕಗಳನ್ನೇ ಇಟ್ಟುಕೊಂಡು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದೆ.

ಇಬ್ಬರು ಮಕ್ಕಳ ಲೆಕ್ಕ ಹೇಳುತ್ತೇನೆ. ಓದಲು ಸುಲಭವಾಗಲಿ ಅಂತ ಅಂಕಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಸೆಮಿಸ್ಟರಿನಲ್ಲಿ 10 ಅಂಕದ 20 ಹೋಮ್‌ವರ್ಕ್, 25 ಅಂಕದ 4 ಕ್ವಿಜ್, 100 ಅಂಕದ 2 ಟೆಸ್ಟ್. ಅಂದರೆ 200, 100, 200. ಒಟ್ಟು 500.

ಮೊದಲನೆಯವಳು ಹೋಮ್‌ವರ್ಕ್ ಒಂದೂ ಬಿಡುವವಳಲ್ಲ. ಅವಳಿಗೆ ಹೋಮ್‌ವರ್ಕ್‌ನಲ್ಲಿ 190, ಕ್ವಿಜ್‌ನಲ್ಲಿ 80, ಟೆಸ್ಟ್‌ಗಳಲ್ಲಿ 136. ಕೂಡಿದರೆ 406. ಐನೂರಕ್ಕೆ 406 ಅಂದರೆ ಶೇ. 81.2. ಬಿ ಗ್ರೇಡ್.

ಈಗ ವೇಯ್ಟೇಜ್ ನೋಡೋಣ. ನಾವು ಇಟ್ಟುಕೊಂಡಿದ್ದು ಹೋಮ್‌ವರ್ಕ್‌ಗೆ ಶೇ. 15, ಕ್ವಿಜ್‌ಗೆ 25, ಟೆಸ್ಟ್‌ಗೆ 60. ಇದರಲ್ಲಿ ಮೊದಲು ಪ್ರತಿ ವಿಭಾಗದ ಪರ್ಸೆಂಟೇಜ್ ತೆಗೆಯಬೇಕು. ಅವಳದ್ದು 95, 80, 68. ಆಮೇಲೆ 95ರಲ್ಲಿ ಶೇ. 15 ಅಂದರೆ 14.25, 80ರಲ್ಲಿ ಶೇ. 25 ಅಂದರೆ 20, 68ರಲ್ಲಿ ಶೇ. 60 ಅಂದರೆ 40.8. ಒಟ್ಟು 75.05. ಸಿ ಗ್ರೇಡ್. ಒಂದು ಉತ್ತರವೂ ಬದಲಾಗಿಲ್ಲ, ಒಂದು ಅಂಕವೂ ಕಮ್ಮಿಯಾಗಿಲ್ಲ, ಆದರೂ ಆರು ಪರ್ಸೆಂಟ್ ಹೋಯಿತು.

ಎರಡನೆಯವನು ಟೆಸ್ಟ್ ಚೆನ್ನಾಗಿ ಬರೆಯುತ್ತಾನೆ, ಹೋಮ್‌ವರ್ಕ್ ಅಂದರೆ ಮಾತ್ರ ಸೋಮಾರಿ. ಹೋಮ್‌ವರ್ಕ್ 120, ಕ್ವಿಜ್ 80, ಟೆಸ್ಟ್ 184. ಪಾಯಿಂಟ್ಸ್ ಲೆಕ್ಕದಲ್ಲಿ 384, ಅಂದರೆ ಶೇ. 76.8. ವೇಯ್ಟೇಜ್‌ನಲ್ಲಿ 84.2. ಇಬ್ಬರ ಗ್ರೇಡೂ ಅದಲು ಬದಲು!

ಸ್ಟಾಫ್ ರೂಮಿನಲ್ಲಿ ಇದನ್ನು ತೋರಿಸಿದಾಗ ಬಂದ ಮಾತು ಒಂದೇ: ಪಾಯಿಂಟ್ಸ್ ಅಂದರೆ ನೇರ ಲೆಕ್ಕ, ವೇಯ್ಟೇಜ್ ಹಾಕಿದರೆ ಮಾತ್ರ ಏರುಪೇರು. ನಾನು ಇದನ್ನು ಒಪ್ಪುವುದಿಲ್ಲ. ಪಾಯಿಂಟ್ಸ್ ಲೆಕ್ಕದಲ್ಲೂ ವೇಯ್ಟೇಜ್ ಇದ್ದೇ ಇದೆ, ಯಾರೂ ಬರೆದಿಟ್ಟಿಲ್ಲ ಅಷ್ಟೇ. 500ರಲ್ಲಿ 200 ಹೋಮ್‌ವರ್ಕ್‌ನದ್ದು, ಅಂದರೆ ಶೇ. 40. ಕ್ವಿಜ್‌ಗೆ 20, ಟೆಸ್ಟ್‌ಗೆ 40. ವೇಯ್ಟೇಜನ್ನು 40, 20, 40 ಅಂತ ಇಟ್ಟು ನೋಡಿ, ಹುಡುಗಿಗೆ ಅದೇ 81.2 ಬರುತ್ತದೆ. ನಾವು ಬರೆದ ಎಸ್ಸೆಸ್ಸೆಲ್ಸಿಯಲ್ಲೂ ಇದೇ ಇತ್ತು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೂ ತಲಾ 100, ಒಟ್ಟು 625. ಪ್ರಥಮ ಭಾಷೆಗೆ ಶೇ. 20, ಗಣಿತಕ್ಕೆ ಶೇ. 16 ವೇಯ್ಟೇಜ್ ಅಂತ ಯಾರೂ ಹೇಳುತ್ತಿರಲಿಲ್ಲ, ಆದರೆ ಲೆಕ್ಕ ಅದೇ ಅಲ್ವಾ?

ಹಾಗಾಗಿ ವ್ಯತ್ಯಾಸ ಎಲ್ಲಿಂದ ಬಂತು ಅಂತ ಪತ್ತೆ ಮಾಡುವುದು ಕಷ್ಟವಲ್ಲ. ಹೋಮ್‌ವರ್ಕ್‌ನ ಪಾಲು 40ರಿಂದ 15ಕ್ಕೆ ಇಳಿಯಿತು. ಅವಳಿಗೆ 95 ಬಂದಿದ್ದು ಅಲ್ಲೇ, ಆದ್ದರಿಂದ 23.75 ಹೋಯಿತು. ಕ್ವಿಜ್‌ನ ಪಾಲು 5 ಏರಿತು, 4 ಬಂತು. ಟೆಸ್ಟ್‌ನ ಪಾಲು 20 ಏರಿತು, ಆದರೆ ಅಲ್ಲಿ ಅವಳದ್ದು ಬರೀ 68, ಹಾಗಾಗಿ ಬಂದಿದ್ದು 13.6. ಕೂಡಿ ಕಳೆದರೆ 6.15 ನಷ್ಟ. ಮೂರೂ ವಿಭಾಗದಲ್ಲಿ ಒಂದೇ ಪರ್ಸೆಂಟೇಜ್ ಇರುವ ಮಗುವಿಗೆ ಯಾವ ರೀತಿ ಲೆಕ್ಕ ಹಾಕಿದರೂ ವ್ಯತ್ಯಾಸವೇ ಬರುವುದಿಲ್ಲ. ಏಟು ಬೀಳುವುದು, ಲಾಭ ಆಗುವುದು ಎರಡೂ ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಮ್ಮಿ ಇರುವವರಿಗೆ.

ಇದನ್ನು ಸ್ಪ್ರೆಡ್‌ಶೀಟಿನಲ್ಲಿ ನೋಡುವುದು ಬಹಳ ಸುಲಭ. ಬಿ ಕಾಲಮ್ಮಿನಲ್ಲಿ ಪ್ರತಿ ವಿಭಾಗದಲ್ಲಿ ಬಂದ ಅಂಕ, ಸಿ ಕಾಲಮ್ಮಿನಲ್ಲಿ ಗರಿಷ್ಠ ಅಂಕ, ಡಿ ಕಾಲಮ್ಮಿನಲ್ಲಿ ವೇಯ್ಟೇಜ್ (0.15, 0.25, 0.60). ಮೊದಲ ಸಾಲು ಪಾಯಿಂಟ್ಸ್, ಎರಡನೆಯದು ವೇಯ್ಟೇಜ್:

```
=SUM(B2:B4)/SUM(C2:C4)
=SUMPRODUCT(B2:B4/C2:C4, D2:D4)
```

ಮತ್ತೆ ವೇಯ್ಟೇಜ್‌ಗೆ ಯಾಕೆ ಹೋದಿರಿ ಅಂತ ಕೇಳಬಹುದು. ಪಾಯಿಂಟ್ಸ್‌ನಲ್ಲಿ ನನಗಿದ್ದ ತಕರಾರು ಒಂದೇ. ಮಕ್ಕಳಿಗೆ ಒಂದು ಪಾಠ ಕಷ್ಟವಾಯಿತು ಅಂತ ಇನ್ನೂ ಐದು ಹೋಮ್‌ವರ್ಕ್ ಕೊಟ್ಟೆ ಅಂದುಕೊಳ್ಳಿ. ಒಟ್ಟು 550 ಆಗುತ್ತದೆ. ಟೆಸ್ಟ್‌ನ ಪಾಲು 40ರಿಂದ 36.4ಕ್ಕೆ ಇಳಿಯುತ್ತದೆ, ಹೋಮ್‌ವರ್ಕ್‌ನದ್ದು 45ರ ಮೇಲೆ ಹೋಗುತ್ತದೆ. ಸುಮ್ನೆ ಅಭ್ಯಾಸಕ್ಕೆ ಅಂತ ಕೊಟ್ಟಿದ್ದು ಟೆಸ್ಟ್‌ನ ಬೆಲೆಯನ್ನೇ ಇಳಿಸಿಬಿಡುತ್ತದೆ. ವೇಯ್ಟೇಜ್‌ನಲ್ಲಿ ಹೋಮ್‌ವರ್ಕ್ 20 ಇರಲಿ 25 ಇರಲಿ, ಎಲ್ಲಾ ಸೇರಿ ಆ 15ನ್ನೇ ಹಂಚಿಕೊಳ್ಳಬೇಕು.

ಆದರೆ ವೇಯ್ಟೇಜ್‌ನಲ್ಲಿ ಬೇರೆ ತಲೆನೋವು ಇದೆ, ಅದು ಸೆಮಿಸ್ಟರಿನ ಮಧ್ಯೆ. ನಾವು ಬಳಸುವುದು ಕ್ಯಾನ್ವಾಸ್ ಅನ್ನುವ ಆನ್‌ಲೈನ್ ಗ್ರೇಡ್‌ಬುಕ್. ಅದರಲ್ಲಿ `Weight final grade based on assignment groups` ಅನ್ನುವ ಬಾಕ್ಸಿಗೆ ಟಿಕ್ ಹಾಕಿ ಪ್ರತಿ ಗುಂಪಿಗೆ ಪರ್ಸೆಂಟ್ ತುಂಬಬೇಕು. ಅಂಕವೇ ಇಲ್ಲದ ಗುಂಪನ್ನು ಕ್ಯಾನ್ವಾಸ್ ಪಕ್ಕಕ್ಕಿಟ್ಟು, ಉಳಿದ ಗುಂಪುಗಳನ್ನೇ 100ಕ್ಕೆ ಹಿಗ್ಗಿಸುತ್ತದೆ. ಅದೇ ಹುಡುಗಿಗೆ ಮೊದಲ ವಾರಗಳಲ್ಲಿ 6 ಹೋಮ್‌ವರ್ಕ್‌ಗೆ 57, ಒಂದು ಕ್ವಿಜ್‌ಗೆ 20, ಟೆಸ್ಟ್ ಇನ್ನೂ ಆಗಿಲ್ಲ. ಆಗ 14.25ಕ್ಕೆ 20 ಸೇರಿಸಿ 34.25, ಅದು ಬಂದಿದ್ದು 40ಕ್ಕೆ, ಹಾಗಾಗಿ ಪರದೆಯ ಮೇಲೆ 85.63 ಕಾಣುತ್ತದೆ. ಮೊದಲ ಟೆಸ್ಟ್‌ಗೆ 68 ಹಾಕಿದ ತಕ್ಷಣ ಅದು 75.05ಕ್ಕೆ ಬೀಳುತ್ತದೆ. ಒಂದೇ ರಾತ್ರಿಯಲ್ಲಿ ಹತ್ತಕ್ಕೂ ಜಾಸ್ತಿ! ಪಾಯಿಂಟ್ಸ್‌ನಲ್ಲಿದ್ದಿದ್ದರೂ ಆ ದಿನ 90.6ರಿಂದ 78.4ಕ್ಕೆ ಬೀಳುತ್ತಿತ್ತು, ಆದರೆ ಮುಂದೆ ಹೋಮ್‌ವರ್ಕ್ ಸೇರುತ್ತಾ ಹೋದ ಹಾಗೆ ಮೇಲೆ ಬರುತ್ತಿತ್ತು. ವೇಯ್ಟೇಜ್‌ನಲ್ಲಿ ಹೋಮ್‌ವರ್ಕ್‌ನಿಂದ ಆ ಏರಿಕೆ ಬರುವುದಿಲ್ಲ. ಮುಂದಿನ ಟೆಸ್ಟಿಗೆ ಕಾಯಬೇಕು.

ಇಲ್ಲಿ ಮಕ್ಕಳೂ ಅಪ್ಪ ಅಮ್ಮನೂ ಫೋನಿನಲ್ಲಿ ಗ್ರೇಡ್ ನೋಡುತ್ತಲೇ ಇರುತ್ತಾರೆ. ಟೆಸ್ಟ್ ಅಂಕ ಹಾಕಿದ ಮಾರನೇ ದಿನ ಒಂದೆರಡಾದರೂ ಮೇಲ್ ಬರುತ್ತವೆ. ಕಂಪ್ಯೂಟರ್ ಲೆಕ್ಕ ತಪ್ಪಿದೆಯಾ ಅಂತ ಕೇಳುವವರೇ ಹೆಚ್ಚು. ಅವರು ಎಲ್ಲಾ ಅಂಕ ಕೂಡಿ ಒಟ್ಟಿನಿಂದ ಭಾಗಿಸಿರುತ್ತಾರೆ, 78 ಬಂದಿರುತ್ತದೆ, ಪರದೆಯ ಮೇಲೆ 75 ಇರುತ್ತದೆ. ಪಾಪ, ಅವರ ಕೂಡುವಿಕೆ ಸರಿಯಾಗಿಯೇ ಇರುತ್ತದೆ.

ಎಕ್ಸ್‌ಟ್ರಾ ಕ್ರೆಡಿಟ್‌ನಲ್ಲೂ ಇದೇ ಗೊಂದಲ. ಹೋಮ್‌ವರ್ಕ್ ಗುಂಪಿನಲ್ಲಿ 10 ಅಂಕ ಹೆಚ್ಚಿಗೆ ಕೊಟ್ಟರೆ ಪಾಯಿಂಟ್ಸ್ ಲೆಕ್ಕದಲ್ಲಿ ಸೆಮಿಸ್ಟರಿನ ಕೊನೆಗೆ ಗ್ರೇಡ್ 2 ಪರ್ಸೆಂಟ್ ಏರುತ್ತದೆ. ನಮ್ಮ ವೇಯ್ಟೇಜ್‌ನಲ್ಲಿ ಏರುವುದು 0.75. ಅದೇ 10 ಅಂಕವನ್ನು ಟೆಸ್ಟ್ ಗುಂಪಿಗೆ ಹಾಕಿದರೆ 3. ಈಗ ಸೆಮಿಸ್ಟರಿನ ಮೊದಲ ದಿನ ಕೊಡುವ ಹಾಳೆಯಲ್ಲಿ ನಾನು ವೇಯ್ಟೇಜ್ ಜೊತೆಗೆ ಇನ್ನೊಂದು ಸಾಲು ಸೇರಿಸುತ್ತೇನೆ: ಒಂದು ಹೋಮ್‌ವರ್ಕ್ ಬಿಟ್ಟರೆ ಮುಕ್ಕಾಲು ಪರ್ಸೆಂಟ್, ಒಂದು ಕ್ವಿಜ್ ಬಿಟ್ಟರೆ ಆರೂಕಾಲು, ಒಂದು ಟೆಸ್ಟ್ ಬಿಟ್ಟರೆ ಮೂವತ್ತು.