ಟನಲ್ ಒಳಗೆ ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪುಟ ಮಾತ್ರ ತೆರೆಯುವುದಿಲ್ಲ: ಸರಿಮಾಡುವುದು ಹೇಗೆ?

"ಗೂಗಲ್ ಬರ್ತದೆ, ಯೂಟ್ಯೂಬ್ ಬರ್ತದೆ, ಬ್ಯಾಂಕಿಂದು ಮಾತ್ರ ಸುತ್ತುತ್ತಾ ಉಂಟು ಮಾರಾಯ್ರೇ." ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಸಮಸ್ಯೆ ಹಿಡಿಯಲು ಇಷ್ಟು ಸಾಕು. ನೆಟ್ ನಿಧಾನವಾಗಿದ್ದರೆ ಎಲ್ಲಾ ಸೈಟೂ ನಿಧಾನವಾಗಬೇಕು, ಅಲ್ವಾ? ಡಿಎನ್‌ಎಸ್ ಕೆಟ್ಟಿದ್ದರೆ ಬ್ರೌಸರ್ ಸೈಟ್ ಸಿಗಲಿಲ್ಲ ಎಂದು ಹೇಳಿಬಿಡುತ್ತದೆ. ಕೆಲವು ಸೈಟ್ ಮಾತ್ರ, ಅದೂ ಪ್ರತಿ ಸಲ ಅವೇ ಸೈಟ್, ಎರರ್ ಕೂಡ ತೋರಿಸದೆ ಸುಮ್ನೆ ಸುತ್ತುತ್ತಾ ಕೂತರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾಕೆಟ್ಟಿನ ಅಳತೆಯನ್ನು.

ಆ ಅಂಗಡಿಯ ವ್ಯವಸ್ಥೆ ಹೀಗಿದೆ. ಊರಿನ ಫೈಬರ್ ಲೈನಿಗೆ ಖಾಯಂ ಐಪಿ ಇಲ್ಲ, ಆದರೆ ಬ್ಯಾಂಕಿನ ವ್ಯಾಪಾರದ ಖಾತೆಗೆ ಯಾವಾಗಲೂ ಒಂದೇ ಐಪಿಯಿಂದ ಬರಬೇಕು. ಅದಕ್ಕೆ ಬೆಂಗಳೂರಿನಲ್ಲಿ ಒಂದು ಲಿನಕ್ಸ್ ಸರ್ವರ್ ಬಾಡಿಗೆಗೆ ಪಡೆದು, ಅಂಗಡಿಯ ರೂಟರ್‌ನಿಂದ ಅಲ್ಲಿಗೆ ವೈರ್‌ಗಾರ್ಡ್ ಟನಲ್ ಹಾಕಲಾಗಿದೆ. ಅಂಗಡಿಯ ಕಂಪ್ಯೂಟರ್‌ಗಳು ಟನಲ್ ದಾಟಿ, ಆ ಸರ್ವರ್ ಮೂಲಕ ಹೊರಗೆ ಹೋಗುತ್ತವೆ.

ಎಡವಟ್ಟು ಆಗುವುದು ಎಲ್ಲಿ ಅಂದರೆ, ಟನಲ್ ಇದೆ ಎಂಬ ವಿಷಯ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಅದಕ್ಕೆ ಕಾಣುವುದು ಲ್ಯಾನ್ ಕೇಬಲ್ ಮಾತ್ರ. ಅದರ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ, 1500 ಬೈಟ್. ಅದರಲ್ಲಿ ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20 ಕಳೆದರೆ 1460 ಉಳಿಯುತ್ತದೆ. ಇದೇ ಎಂಎಸ್‌ಎಸ್. ಸಂಪರ್ಕ ಶುರುವಾಗುವಾಗ ಕಂಪ್ಯೂಟರ್ ಕಳಿಸುವ ಮೊದಲ ಸಿನ್ ಪ್ಯಾಕೆಟ್ಟಿನಲ್ಲಿ "ನನಗೆ ಒಮ್ಮೆಗೆ 1460 ಬೈಟ್ ತನಕ ಕಳಿಸಬಹುದು" ಎಂದು ಹೇಳಿರುತ್ತದೆ. ಬ್ಯಾಂಕಿನ ಸರ್ವರ್ ಅದನ್ನು ನಂಬಿ 1500ರ ತುಂಬು ಪ್ಯಾಕೆಟ್ ಕಳಿಸುತ್ತದೆ. ಅದು ಬೆಂಗಳೂರಿನ ತನಕ ಆರಾಮವಾಗಿ ಬರುತ್ತದೆ. ಅಲ್ಲಿಂದ ಮುಂದೆ ಹೋಗಬೇಕಾದ ಟನಲ್ಲಿನ ಬಾಗಿಲು `wg0`, ಅದರ ಎಂಟಿಯು 1420, ಹಿಡಿಸುವುದಿಲ್ಲ.

ಹಾಗಾದರೆ ತುಂಡು ಮಾಡಿ ಕಳಿಸಬಹುದಲ್ಲ? ಆಗುವುದಿಲ್ಲ. ಈಗಿನ ಸರ್ವರ್‌ಗಳು ಟಿಸಿಪಿ ಪ್ಯಾಕೆಟ್ಟಿನ ಮೇಲೆ "ತುಂಡು ಮಾಡಬೇಡಿ" ಎಂಬ ಡಿಎಫ್ ಗುರುತು ಹಾಕಿಯೇ ಕಳಿಸುತ್ತವೆ. ಹಾಗಾಗಿ ಬೆಂಗಳೂರಿನ ಸರ್ವರ್ ಪ್ಯಾಕೆಟ್ಟನ್ನು ಬಿಸಾಡಿ, "ದೊಡ್ಡದಾಯಿತು, 1420ರ ಒಳಗೆ ಕಳಿಸು" ಎಂದು ಒಂದು ಐಸಿಎಂಪಿ ಸಂದೇಶವನ್ನು ವಾಪಸ್ ಕಳಿಸುತ್ತದೆ. 1990ರ ಆರ್‌ಎಫ್‌ಸಿ 1191ರಲ್ಲಿ ಬರೆದಿಟ್ಟ ಕ್ರಮ ಇದು, ಸರಿಯಾಗಿ ನಡೆದರೆ ಯಾರಿಗೂ ತೊಂದರೆ ಇಲ್ಲ. ಆದರೆ ಪಿಂಗ್ ಬಂದ್ ಮಾಡಿದರೆ ಭದ್ರ ಅಂದುಕೊಂಡು ಐಸಿಎಂಪಿಯನ್ನೇ ಪೂರ್ತಿ ಮುಚ್ಚಿದ ಫೈರ್‌ವಾಲ್‌ಗಳು ಬೇಕಾದಷ್ಟಿವೆ. ಅಂಥ ಕಡೆ ಈ ಸಂದೇಶ ಬಾಗಿಲಲ್ಲೇ ಸಾಯುತ್ತದೆ. ಸರ್ವರ್ ಅದೇ 1500ರ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಇರುತ್ತದೆ, ಇಲ್ಲಿ ಚಕ್ರ ಸುತ್ತುತ್ತಾ ಇರುತ್ತದೆ.

ಐಸಿಎಂಪಿ ಮುಚ್ಚದ ಸೈಟ್‌ಗಳು ಒಂದು ಕ್ಷಣದಲ್ಲಿ ಅಳತೆ ಇಳಿಸಿಕೊಂಡು ತೆರೆಯುತ್ತವೆ. ಯೂಟ್ಯೂಬ್, ಗೂಗಲ್ ಬ್ರೌಸರಿನಲ್ಲಿ ಹೆಚ್ಚಾಗಿ ಬಳಸುವುದು ಕ್ವಿಕ್, ಅದು ಟಿಸಿಪಿ ಅಲ್ಲ. ಸಣ್ಣ ಪ್ಯಾಕೆಟ್ಟಿನಿಂದ ಶುರುಮಾಡಿ ತನ್ನ ಅಳತೆಯನ್ನು ತಾನೇ ನೋಡಿಕೊಳ್ಳುತ್ತದೆ. ಬ್ಯಾಂಕಿನ ಸೈಟ್ ಮಾತ್ರ ಸರ್ಟಿಫಿಕೇಟ್ ಕಳಿಸುವಲ್ಲೇ ಸಿಕ್ಕಿಬೀಳುತ್ತದೆ, ಯಾಕೆಂದರೆ ಸರ್ಟಿಫಿಕೇಟ್ ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನಲ್ಲಿ ಮುಗಿಯುವುದಿಲ್ಲ. `curl -v` ಹಾಕಿ ನೋಡಿದರೆ ಸಂಪರ್ಕ ಆಗಿರುತ್ತದೆ, `Client hello` ಹೋಗಿರುತ್ತದೆ, ಆಮೇಲೆ ಮೌನ. ಇದು ದೊಡ್ಡ ಸುಳಿವು.

ಇನ್ನೊಂದು ದಾರಿ ತಪ್ಪಿಸುವ ಸಂಗತಿ ಉಂಟು. ಫೋನಿನಲ್ಲೇ ವೈರ್‌ಗಾರ್ಡ್ ಆಪ್ ಹಾಕಿದರೆ ಅದೇ ಬ್ಯಾಂಕ್ ಸೈಟ್ ಚೆನ್ನಾಗಿ ತೆರೆಯುತ್ತದೆ! ಟನಲ್ ಫೋನಿನ ಒಳಗೇ ಇರುವುದರಿಂದ ಅದರ ಸಣ್ಣ ಎಂಟಿಯು ಫೋನಿಗೆ ಗೊತ್ತು, ಎಂಎಸ್‌ಎಸ್ ಕಡಿಮೆ ಹೇಳುತ್ತದೆ. "ಫೋನಲ್ಲಿ ಬರ್ತದೆ, ಹಾಗಾಗಿ ಕಂಪ್ಯೂಟರ್ ಹಾಳಾಗಿದೆ" ಎಂದು ವಿಂಡೋಸ್ ಮತ್ತೆ ಹಾಕಿಸಲು ಹೋಗಬೇಡಿ.

ಮೊದಲ ಹೆಜ್ಜೆ, ಟನಲ್‌ನ ಎಂಟಿಯು ಸರಿ ಇದೆಯಾ ನೋಡುವುದು. ಟನಲ್ ಆಫ್ ಮಾಡಿ, ನಿಮ್ಮ ಸರ್ವರ್‌ನ ಪಬ್ಲಿಕ್ ಐಪಿಗೆ ವಿಂಡೋಸ್‌ನಿಂದ ಹೀಗೆ ಪಿಂಗ್ ಮಾಡಿ (ಇಲ್ಲಿನ ಐಪಿ ಬರೀ ಉದಾಹರಣೆ):

```
ping -f -l 1464 203.0.113.10
```

ಬದಿಯಡ್ಕದಲ್ಲಿ 1464 ದಾಟಿತು, 1465ಕ್ಕೆ `Packet needs to be fragmented but DF set` ಬಂತು. ಪಿಂಗ್‌ನ ಹೆಡರ್‌ಗಳ 28 ಸೇರಿಸಿದರೆ 1492. ಲೈನ್ ಪಿಪಿಪಿಒಇ ಆದ್ದರಿಂದ ಅದಕ್ಕೆ 8 ಬೈಟ್ ಹೋಗಿದೆ, ಲೆಕ್ಕ ಸರಿ. ವೈರ್‌ಗಾರ್ಡ್ ಐಪಿವಿ4 ಮೇಲೆ 60 ಬೈಟ್ ತಿನ್ನುತ್ತದೆ, 1432 ಉಳಿಯುತ್ತದೆ. `wg0` 1420 ಇರುವುದರಿಂದ ಇಲ್ಲಿ ತೊಂದರೆ ಇಲ್ಲ. ಐಪಿವಿ6 ಮೇಲೆ ಟನಲ್ ಹಾಕಿದ್ದರೆ 80 ತಿನ್ನುತ್ತದೆ, 1412 ಮಾತ್ರ ಉಳಿಯುತ್ತದೆ. ಆಗ `wg0` ಎಂಟಿಯುವನ್ನು ಎರಡೂ ತುದಿಯಲ್ಲಿ 1412ಕ್ಕೆ ಇಳಿಸಲೇಬೇಕು. ಇಳಿಸದಿದ್ದರೆ ಹೊರಗಿನ ಪ್ಯಾಕೆಟ್ಟೇ ತುಂಡಾಗುವ ಪರಿಸ್ಥಿತಿ ಬರುತ್ತದೆ. ಎರಡನೇ ತುಂಡಿನಲ್ಲಿ ಪೋರ್ಟ್ ನಂಬರ್ ಇರುವುದಿಲ್ಲ, ಹಾಗಾಗಿ ದಾರಿಯಲ್ಲಿರುವ ಕೆಲವು ಫೈರ್‌ವಾಲ್‌ಗಳು ಅದನ್ನು ಬಿಡುವುದೇ ಇಲ್ಲ.

ಎರಡನೇ ಹೆಜ್ಜೆಯೇ ಕ್ಲ್ಯಾಂಪಿಂಗ್. ಹಾದುಹೋಗುವ ಸಿನ್ ಪ್ಯಾಕೆಟ್ಟನ್ನು ಹಿಡಿದು, ಅದರಲ್ಲಿರುವ 1460 ಅನ್ನು 1380 ಎಂದು ತಿದ್ದಿ ಕಳಿಸುವುದು. 1420ರಲ್ಲಿ 40 ಕಳೆದರೆ 1380, ಅಷ್ಟೇ. ಬೆಂಗಳೂರಿನ ಸರ್ವರ್‌ನಲ್ಲಿ ಈ ಒಂದು ಸಾಲು ಸಾಕು:

```
iptables -t mangle -A FORWARD -p tcp \
  --tcp-flags SYN,RST SYN \
  -j TCPMSS --clamp-mss-to-pmtu
```

ಎರಡೂ ಕಡೆಯ ದಾರಿಯ ಎಂಟಿಯು ನೋಡಿ ಚಿಕ್ಕದನ್ನು ಅದೇ ಆರಿಸಿಕೊಳ್ಳುತ್ತದೆ, ಸಂಖ್ಯೆ ನೀವು ಕೊಡಬೇಕಿಲ್ಲ. ಸರ್ವರ್ ರೀಬೂಟ್ ಆದರೆ ಈ ರೂಲ್ ಹೋಗುತ್ತದೆ, ಅದಕ್ಕೆ `wg0.conf`ನಲ್ಲಿ `PostUp` ಮುಂದೆ ಇದನ್ನೇ ಒಂದೇ ಸಾಲಾಗಿ ಬರೆದಿಡಿ, `PostDown`ನಲ್ಲಿ `-A` ಬದಲು `-D`. ಓಪನ್‌ಡಬ್ಲ್ಯುಆರ್‌ಟಿ ರೂಟರ್ ಇದ್ದರೆ ಫೈರ್‌ವಾಲ್ ಪುಟದಲ್ಲಿ ಟನಲ್ ಇರುವ ಝೋನಿಗೆ `MSS clamping` ಟಿಕ್ ಮಾಡಿದರೂ ಇದೇ ಕೆಲಸ ಆಗುತ್ತದೆ.

ಆಯಿತೋ ಇಲ್ಲವೋ ನೋಡಲು ಸರ್ವರ್‌ನಲ್ಲಿ:

```
tcpdump -ni eth0 'tcp[tcpflags] & tcp-syn != 0'
```

ಇದನ್ನು ಓಡಿಸಿಟ್ಟು ಅಂಗಡಿಯಿಂದ ಬ್ಯಾಂಕ್ ಸೈಟ್ ತೆರೆಯಿರಿ. ಹೊರಗೆ ಹೋಗುವ `Flags [S]` ಸಾಲಿನಲ್ಲಿ `mss 1380` ಕಾಣಬೇಕು. `wg0` ಮೇಲೆ ನೋಡಿದರೆ ಇನ್ನೂ `mss 1460` ಎಂದೇ ಕಾಣುತ್ತದೆ, ಯಾಕೆಂದರೆ ಅಲ್ಲಿ ಕಾಣುವುದು ತಿದ್ದುವ ಮೊದಲಿನ ಪ್ಯಾಕೆಟ್. ಅದನ್ನು ನೋಡಿ ರೂಲ್ ಕೆಲಸ ಮಾಡಿಲ್ಲ ಎಂದು ಅಳಿಸಿ ಮತ್ತೆ ಬರೆಯುತ್ತಾ ಕೂರುವವರು ಜಾಸ್ತಿ. ಹಾಗೆಯೇ ಎಂಎಸ್‌ಎಸ್ ಹೇಳುವುದು ಶುರುವಿನಲ್ಲಿ ಮಾತ್ರ, ಆಗಲೇ ನೇತಾಡುತ್ತಿರುವ ಸಂಪರ್ಕ ಸರಿಯಾಗುವುದಿಲ್ಲ. ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ.

ಇದು ಟಿಸಿಪಿಗೆ ಮಾತ್ರ ಎಂಬುದು ನೆನಪಿರಲಿ. ಟನಲ್ ಒಳಗೆ ಮತ್ತೊಂದು ವಿಪಿಎನ್ ಯುಡಿಪಿಯಲ್ಲಿ ಓಡಿಸಿ ಅದು ನೇತಾಡಿದರೆ ಈ ರೂಲ್ ಮುಟ್ಟುವುದೇ ಇಲ್ಲ, ಆ ಒಳಗಿನ ವಿಪಿಎನ್‌ನ ಎಂಟಿಯುವನ್ನೇ ಇಳಿಸಬೇಕು. ಅದೂ ವೈರ್‌ಗಾರ್ಡ್ ಆಗಿದ್ದರೆ 1420ರಲ್ಲಿ ಇನ್ನೊಂದು 80 ಕಳೆದು 1340 ಇಡಿ.