ಪೂರೈಕೆದಾರರ ಪ್ರತಿನಿಧಿ ಉತ್ತರಿಸುತ್ತಿಲ್ಲವೇ? ಸಂಬಂಧ ಕೆಡದಂತೆ ಮೇಲಧಿಕಾರಿಗೆ ಬರೆಯುವುದು ಹೀಗೆ

ಪೂರೈಕೆದಾರ ಕಂಪನಿಯಲ್ಲಿ ನಿಮ್ಮ ಖಾತೆ ನೋಡಿಕೊಳ್ಳುವವರು ಇದ್ದಕ್ಕಿದ್ದಂತೆ ಉತ್ತರ ನಿಲ್ಲಿಸಿದರೆ, ಅವರ ಮೇಲಧಿಕಾರಿಯ ಇಮೇಲ್ ವಿಳಾಸ ಹುಡುಕುವ ಮೊದಲು ನಿಮ್ಮದೇ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಒಂದು ಮಾತು ಕೇಳಿ: ಈ ಕಂಪನಿಗೆ ನಾವು ಹಣ ಬಾಕಿ ಇಟ್ಟಿದ್ದೇವೆಯೇ? ಅವಧಿ ಮೀರಿದ ಒಂದು ಇನ್‌ವಾಯ್ಸ್ ಇದ್ದರೂ ಸಾಕು, ಎಷ್ಟೋ ಕಂಪನಿಗಳಲ್ಲಿ ಹಣಕಾಸು ವಿಭಾಗ ಆ ಗ್ರಾಹಕರ ಆರ್ಡರ್‌ಗಳನ್ನು ತಡೆಹಿಡಿಯುತ್ತದೆ. ಆಗ ಮಾರಾಟ ಪ್ರತಿನಿಧಿಯ ಕೈ ಕಟ್ಟಿಹೋಗುತ್ತದೆ. ಸರಕು ಕಳುಹಿಸುವಂತಿಲ್ಲ, ‘ಹಣ ಕೊಡಿ’ ಎಂದು ಹಳೆಯ ಗ್ರಾಹಕರಿಗೆ ನೇರವಾಗಿ ಹೇಳಲು ಮುಜುಗರ. ಹಾಗಾಗಿ ಮೌನ. ಇದು ಗೊತ್ತಿಲ್ಲದೆ ಅವರ ನಿರ್ದೇಶಕರಿಗೆ ದೂರು ಬರೆದರೆ, ಎರಡೇ ಸಾಲಿನ ಉತ್ತರದ ಜೊತೆಗೆ ನಿಮ್ಮ ಬಾಕಿ ಪಟ್ಟಿ ಬರುತ್ತದೆ.

ಬಾಕಿ ಏನೂ ಇಲ್ಲ ಎಂದಾದರೆ ಅವರ ಕಚೇರಿಯ ಸಾಮಾನ್ಯ ಸಂಖ್ಯೆಗೆ ಫೋನ್ ಮಾಡಿ. ಪ್ರತಿನಿಧಿ ರಜೆಯಲ್ಲಿರಬಹುದು, ಕೆಲಸ ಬಿಟ್ಟಿರಬಹುದು ಅಥವಾ ಅವರ ವಲಯ ಬದಲಾಗಿರಬಹುದು. ಆರ್ಡರ್ ಸಂಖ್ಯೆ ಹೇಳಿ ಡಿಸ್ಪ್ಯಾಚ್ ವಿಭಾಗದವರನ್ನು ವಿಚಾರಿಸಿದರೆ ಹಲವು ಬಾರಿ ಅಲ್ಲಿಯೇ ಉತ್ತರ ಸಿಕ್ಕಿಬಿಡುತ್ತದೆ. ಮೇಲಕ್ಕೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಎಂದು ಬರೆಯಬೇಕು?

ಸಿಟ್ಟು ಬಂದ ದಿನವಂತೂ ಅಲ್ಲ. ದಿನಾಂಕವನ್ನು ನಿಮ್ಮ ದಾಸ್ತಾನು ಹೇಳಬೇಕು. ಒಂದು ಉದಾಹರಣೆ ನೋಡೋಣ. ಪಂಪ್ ತಯಾರಿಸುವ ಕಾರ್ಖಾನೆಯೊಂದು 400 ಮೆಕ್ಯಾನಿಕಲ್ ಸೀಲ್‌ಗಳಿಗೆ ಆರ್ಡರ್ ಕೊಟ್ಟಿದೆ. ಕಳೆದ ತಿಂಗಳ 25ರಂದು ಅವು ಹೊರಡಬೇಕಿತ್ತು, ಹೊರಟಿಲ್ಲ. ಇಂದು 1ನೇ ತಾರೀಖು, ಸೋಮವಾರ. ದಿನದ ಕೆಲಸ ಮುಗಿದ ಮೇಲೆ ಉಗ್ರಾಣದಲ್ಲಿ 240 ಸೀಲ್‌ಗಳು ಉಳಿದಿವೆ. ದಿನಕ್ಕೆ 20 ಬೇಕು, ವಾರಕ್ಕೆ ಐದು ದಿನ ಕೆಲಸ. ಅಂದರೆ ಬುಧವಾರ 17ರವರೆಗೆ ತೊಂದರೆಯಿಲ್ಲ.

ಈಗ ಹಿಂದಕ್ಕೆ ಎಣಿಸಿ. ಸಾಗಣೆಗೆ ನಾಲ್ಕು ಕೆಲಸದ ದಿನ, ಬಂದ ಮಾಲಿನ ತಪಾಸಣೆಗೆ ಒಂದು ದಿನ. ಆದ್ದರಿಂದ ಸರಕು ಅಲ್ಲಿಂದ 10ರೊಳಗೆ ಹೊರಡಬೇಕು. ಪ್ಯಾಕಿಂಗ್, ಕಾಗದಪತ್ರಕ್ಕೆ ಎರಡು ದಿನ ಬಿಟ್ಟರೆ, ಖಚಿತ ಉತ್ತರ 8ರೊಳಗೆ ಕೈಗೆ ಬರಬೇಕು. ಮೇಲಧಿಕಾರಿಗೂ ವಿಚಾರಿಸಲು ಎರಡು ಮೂರು ದಿನ ಬೇಡವೇ? ಹಾಗಾದರೆ ಅವರಿಗೆ ಬರೆಯುವ ದಿನ ಗುರುವಾರ, 4ನೇ ತಾರೀಖು. ಈ ಲೆಕ್ಕ ಕೈಯಲ್ಲಿದ್ದರೆ ‘ತುರ್ತು’ ಎಂದು ಕೆಂಪಕ್ಷರದಲ್ಲಿ ಬರೆಯುವ ಅಗತ್ಯವಿಲ್ಲ.

ಮೊದಲು ಪ್ರತಿನಿಧಿಗೆ ತಿಳಿಸಿ

ಮೇಲಕ್ಕೆ ಹೋಗುತ್ತೀರಿ ಎಂಬುದು ಪ್ರತಿನಿಧಿಗೆ ನಿಮ್ಮಿಂದಲೇ ಗೊತ್ತಾಗಬೇಕು, ಅವರ ಬಾಸ್‌ನಿಂದಲ್ಲ. ಸಂಬಂಧ ಉಳಿಯುವುದೂ ಮುರಿಯುವುದೂ ಹೆಚ್ಚಾಗಿ ಇಲ್ಲಿಯೇ. ಸೋಮವಾರವೇ ಅವರಿಗೆ ಹೀಗೊಂದು ಇಮೇಲ್ ಹೋಗಲಿ:

“ಈ ಆರ್ಡರ್‌ನ ಡಿಸ್ಪ್ಯಾಚ್ ದಿನಾಂಕ ನಮಗೆ ಬುಧವಾರ ಸಂಜೆಯೊಳಗೆ ಬೇಕಾಗಿದೆ. ನೀವು ಬೇರೆ ಕೆಲಸದ ಒತ್ತಡದಲ್ಲಿರಬಹುದು. ಅಷ್ಟರೊಳಗೆ ತಿಳಿಯದಿದ್ದರೆ ಗುರುವಾರ ನಿಮ್ಮ ವಲಯ ವ್ಯವಸ್ಥಾಪಕರನ್ನು ಕೇಳುತ್ತೇನೆ, ನಿಮಗೂ ಪ್ರತಿ ಇರುತ್ತದೆ. ಇದನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ ಅವರ ಹೆಸರು ಹೇಳಿದರೂ ಸಾಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ಕೆಟ್ಟ ಸುದ್ದಿ ಹೇಳಲಾಗದೆ ಸುಮ್ಮನಿದ್ದವರಿಗೆ ಅದು ಸುಲಭದ ದಾರಿ ತೋರಿಸುತ್ತದೆ. ಹೇಳಿದ ದಿನ ಬಂದಾಗ ಹೇಳಿದಂತೆಯೇ ಮಾಡಿ. ಗಡುವನ್ನು ನೀವೇ ಎರಡು ಬಾರಿ ಮುಂದೂಡಿದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ.

ಯಾರಿಗೆ, ಏನು ಬರೆಯಬೇಕು?

ಒಂದು ಮೆಟ್ಟಿಲು ಮಾತ್ರ ಮೇಲಕ್ಕೆ. ದೂರು ಯಾರ ಬಳಿಗೆ, ಯಾವ ಕ್ರಮದಲ್ಲಿ ಹೋಗಬೇಕು ಎಂಬ ಪಟ್ಟಿ ಕೆಲವು ಒಪ್ಪಂದಗಳ ಅನುಬಂಧದಲ್ಲಿಯೇ ಇರುತ್ತದೆ. ಇದ್ದರೆ ಅದನ್ನೇ ಪಾಲಿಸಿ. ನೇರವಾಗಿ ಮುಖ್ಯಸ್ಥರಿಗೇ ಬರೆದರೆ ಪತ್ರ ಕೆಳಕ್ಕೆ ಇಳಿಯುತ್ತಾ ಬಂದು ಅದೇ ಪ್ರತಿನಿಧಿಯ ಮೇಜಿಗೆ ಮುಟ್ಟುತ್ತದೆ. ದಾರಿಯುದ್ದಕ್ಕೂ ಮುಜುಗರಕ್ಕೊಳಗಾದ ಮೂರು ಮಂದಿ ನಿಮ್ಮ ಹೆಸರನ್ನು ನೆನಪಿಟ್ಟುಕೊಂಡಿರುತ್ತಾರೆ.

ಪ್ರತಿನಿಧಿಯನ್ನು ಸಿಸಿಯಲ್ಲಿ ಬಹಿರಂಗವಾಗಿಯೇ ಇಡಿ. ಕಾಣದಂತೆ ಪ್ರತಿ ಕಳುಹಿಸುವ ಚಾಳಿ ಬೇಡ, ಹಾಗೆ ಪ್ರತಿ ಪಡೆದವರು ಎಲ್ಲರಿಗೂ ಉತ್ತರಿಸಿದ ಕ್ಷಣ ಅದು ಬಯಲಾಗುತ್ತದೆ. ಹಳೆಯ ಇಮೇಲ್‌ಗಳ ಸರಣಿಯನ್ನೂ ಕೆಳಗೆ ಜೋಡಿಸಬೇಡಿ. ಅದರಲ್ಲಿ ನೀವು ಬೇಸರದಿಂದ ಬರೆದದ್ದೂ ಇರುತ್ತದೆ. ಹೊಸದಾಗಿ, ಆರ್ಡರ್ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿಟ್ಟು ಆರಂಭಿಸಿ:

“25ರಂದು ಹೊರಡಬೇಕಿದ್ದ 400 ಸೀಲ್‌ಗಳ ಬಗ್ಗೆ ನಮಗೆ ಮಾಹಿತಿ ಸಿಕ್ಕಿಲ್ಲ. ನಮ್ಮ ದಾಸ್ತಾನು 17ಕ್ಕೆ ಮುಗಿಯುತ್ತದೆ. ಕನಿಷ್ಠ 100 ಸೀಲ್‌ಗಳು 10ರೊಳಗೆ ಹೊರಟರೆ ನಮ್ಮ ಜೋಡಣೆ ವಿಭಾಗ ಇನ್ನೂ ಐದು ದಿನ ನಡೆಯುತ್ತದೆ, ಉಳಿದವಕ್ಕೆ ಬೇರೆ ದಿನಾಂಕ ಮಾತನಾಡಬಹುದು. ಸಾಧ್ಯವೇ ಎಂಬುದನ್ನು ಸೋಮವಾರ 8ರೊಳಗೆ ತಿಳಿಸಲು ಕೋರುತ್ತೇನೆ. ನಮ್ಮ ಖಾತೆಯನ್ನು ಇದುವರೆಗೆ ಚೆನ್ನಾಗಿ ನೋಡಿಕೊಂಡಿರುವ ನಿಮ್ಮ ಸಹೋದ್ಯೋಗಿಗೂ ಪ್ರತಿ ಇದೆ.”

ಇಲ್ಲಿ ‘ಎಷ್ಟು ಬಾರಿ ಕೇಳಿದರೂ ಉತ್ತರವಿಲ್ಲ’ ಎಂಬ ಮಾತೇ ಇಲ್ಲದಿರುವುದನ್ನು ಗಮನಿಸಿ. ಕೇಳಿರುವುದು ಸರಕನ್ನು, ವ್ಯಕ್ತಿಯ ಬಗ್ಗೆ ವಿವರಣೆಯನ್ನಲ್ಲ. ವ್ಯಕ್ತಿಯ ಮೇಲೆ ದೂರು ಹೋದರೆ ಮೇಲಧಿಕಾರಿ ಮೊದಲು ತನ್ನವರ ರಕ್ಷಣೆಗೆ ನಿಲ್ಲುತ್ತಾರೆ, ನಿಮ್ಮ ಸೀಲ್‌ಗಳು ಎರಡನೆಯ ವಿಷಯವಾಗುತ್ತವೆ. ಕೊನೆಯ ವಾಕ್ಯದ ಹೊಗಳಿಕೆ ಮಾತ್ರ ನಿಜವಾಗಿದ್ದರಷ್ಟೇ ಇರಲಿ. ನಿಜವಲ್ಲದಿದ್ದರೆ ವ್ಯಂಗ್ಯದಂತೆ ಓದಿಸಿಕೊಳ್ಳುತ್ತದೆ. ಬೇರೆ ಪೂರೈಕೆದಾರರ ಬಳಿಗೆ ಹೋಗುವ ಬೆದರಿಕೆಯೂ ಬೇಡ. ಅದೇ ಅಳತೆಯ ಸೀಲ್ ಹತ್ತು ದಿನದಲ್ಲಿ ಬೇರೆಡೆ ಸಿಗುವುದಿಲ್ಲ ಎಂಬುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಉತ್ತರ ಬಂದ ಮೇಲೆ

‘ವಿಚಾರಿಸಿ ತಿಳಿಸುತ್ತೇನೆ’ ಎಂಬುದು ಉತ್ತರವಲ್ಲ. ಅದಕ್ಕೆ ಧನ್ಯವಾದ ಹೇಳಿ, ಯಾರು ತಿಳಿಸುತ್ತಾರೆ, ಎಂದು ತಿಳಿಸುತ್ತಾರೆ ಎಂಬುದನ್ನು ಅಂದೇ ಕೇಳಿ. 8ರವರೆಗೂ ಏನೂ ಬರದಿದ್ದರೆ ಮುಂದಿನ ಪತ್ರವನ್ನು ನೀವು ಬರೆಯಬೇಡಿ. ನಿಮ್ಮ ಕಂಪನಿಯ ಖರೀದಿ ಮುಖ್ಯಸ್ಥರು ಅವರ ಮಾರಾಟ ಮುಖ್ಯಸ್ಥರಿಗೆ ಫೋನ್ ಮಾಡಲಿ. ಸಮಾನ ಹುದ್ದೆಯವರ ನಡುವಿನ ಐದು ನಿಮಿಷದ ಮಾತು ಕೆಳಗಿನವರ ಹತ್ತು ಪತ್ರಗಳಿಗಿಂತ ಬೇಗ ಕೆಲಸ ಮಾಡಿಸುತ್ತದೆ, ನಾಳೆ ಪ್ರತಿನಿಧಿಯ ಜೊತೆ ಮಾತನಾಡಬೇಕಾದ ನಿಮ್ಮನ್ನೂ ಜಗಳದಿಂದ ಹೊರಗಿಡುತ್ತದೆ. ಒಪ್ಪಂದದ ಪ್ರಕಾರ ಕೊಡುವ ಲಿಖಿತ ನೋಟಿಸ್ ಬೇರೆಯದೇ ವಿಷಯ. ಅದಕ್ಕೆ ನಿಗದಿತ ವಿಳಾಸ, ರೂಪ, ಅವಧಿ ಇರುತ್ತವೆ. ಅದನ್ನು ಕಾನೂನು ವಿಭಾಗಕ್ಕೆ ಬಿಡಿ, ಈ ಸೌಜನ್ಯದ ಪತ್ರದಲ್ಲಿ ಬೆರೆಸಬೇಡಿ.

ಸರಕು ಹೊರಟಿತು ಎಂದುಕೊಳ್ಳಿ. ಅಂದೇ ಪ್ರತಿನಿಧಿಗೆ ಫೋನ್ ಮಾಡಿ. ಈ ಬಾರಿ ಎತ್ತುತ್ತಾರೆ. ಏನಾಗಿತ್ತು ಎಂದು ಕೆದಕುವುದಕ್ಕಿಂತ ಉಳಿದ 300 ಸೀಲ್‌ಗಳ ದಿನಾಂಕದ ಮಾತೆತ್ತಿ. ಹಲವು ಬಾರಿ ಕಾರಣ ತಾನಾಗಿಯೇ ಹೊರಬರುತ್ತದೆ: ಅವರಿಗೇ ಕಚ್ಚಾವಸ್ತು ಬಂದಿರಲಿಲ್ಲ, ತಯಾರಿಕಾ ವಿಭಾಗ ಅವರಿಗೂ ದಿನಾಂಕ ಕೊಟ್ಟಿರಲಿಲ್ಲ. ಮೇಲಧಿಕಾರಿಗೆ ಕಳುಹಿಸುವ ಧನ್ಯವಾದದ ಇಮೇಲ್‌ನಲ್ಲಿ ಪ್ರತಿನಿಧಿಯ ಹೆಸರೂ ಇರಲಿ. ಮುಂದಿನ ಆರ್ಡರ್‌ನ ಪ್ರಶ್ನೆಗಳು ಮತ್ತೆ ಪ್ರತಿನಿಧಿಗೇ ಹೋಗಲಿ. ಬೇಗ ಉತ್ತರ ಸಿಗುತ್ತದೆಂದು ಪ್ರತಿಯೊಂದಕ್ಕೂ ಮೇಲಧಿಕಾರಿಯನ್ನು ಸಿಸಿಯಲ್ಲಿ ಸೇರಿಸುವ ಅಭ್ಯಾಸ ಬಿದ್ದರೆ, ಕೆಲವೇ ವಾರಗಳಲ್ಲಿ ಅವರೂ ನಿಮ್ಮ ಇಮೇಲ್ ತೆರೆಯುವುದನ್ನು ನಿಲ್ಲಿಸುತ್ತಾರೆ. ಆ ಫೋನ್ ಕರೆ ಮುಗಿಸುವ ಮುನ್ನ ಇನ್ನೊಂದನ್ನು ಕೇಳಿ ಬರೆದಿಟ್ಟುಕೊಳ್ಳಿ: ಅವರು ಸಿಗದ ದಿನ ಯಾರಿಗೆ ಫೋನ್ ಮಾಡಬೇಕು ಎಂಬುದು.