ಸುರಂಗದ ನೀರು ಎಷ್ಟು ದಿನ ಬರ್ತದೆ: ಐದು ಬಾವಿ, ಐದು ಫೋರಿಯರ್ ಗುಣಾಂಕ

ಕಾಸರಗೋಡಿನ ನಮ್ಮ ಕಡೆಯ ಗುಡ್ಡಗಳೆಲ್ಲ ಮುರಕಲ್ಲಿನವು. ಮಳೆಗಾಲದಲ್ಲಿ ಕುಡಿದ ನೀರನ್ನು ಅವು ನಿಧಾನವಾಗಿ ಎರಡೂ ಬದಿಯ ತೋಡುಗಳಿಗೆ ಬಿಟ್ಟುಕೊಡುತ್ತವೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಪಂಪು ಇಲ್ಲದೆಯೇ ನೀರು ಹರಿದು ಬರುವುದೂ ಇದರಿಂದಲೇ. ನಾನು ಗಣಿತ ಪಾಠ ಮಾಡುವವನು. ನೆರೆಯ ಅಡಿಕೆ ತೋಟದವರು ಒಂದು ಡಿಸೆಂಬರಿನಲ್ಲಿ, "ಮಾಷ್ಟ್ರೇ, ಈ ಸಲ ಸುರಂಗದ ನೀರು ಎಷ್ಟು ದಿನ ಬರ್ತದೆ, ಲೆಕ್ಕ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗುತ್ತದೆ. ನಾನು ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ನೆಲದೊಳಗಿನ ನೀರಿನ ಮಟ್ಟ ಇಳಿಯುವುದಕ್ಕೂ ಕಬ್ಬಿಣದ ಸರಳು ತಣಿಯುವುದಕ್ಕೂ ಸಮೀಕರಣ ಒಂದೇ. ಮಟ್ಟದ ಏರಿಳಿತ ನೀರಿನ ಪದರದ ದಪ್ಪಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಸಾಕು, ಇದನ್ನು ಬಳಸಬಹುದು:

```
u_t = D u_xx
```

ಇಲ್ಲಿ u ಎಂದರೆ ನೀರಿನ ಮಟ್ಟ, t ಎಂದರೆ ಕಾಲ, x ಎಂದರೆ ಪಶ್ಚಿಮದ ತೋಡಿನಿಂದ ಇರುವ ದೂರ. ನೀರು ಕಲ್ಲಿನೊಳಗೆ ಎಷ್ಟು ಸಲೀಸಾಗಿ ಹರಿಯುತ್ತದೆ, ಕಲ್ಲು ಎಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಎರಡು ಗುಣಗಳ ಅನುಪಾತ D. ಅದನ್ನು ಮೊದಲೇ ತಿಳಿದಿರಬೇಕಾಗಿಲ್ಲ, ಬಾವಿಗಳೇ ಕೊನೆಗೆ ಹೇಳುತ್ತವೆ.

ನಮ್ಮ ಗುಡ್ಡಕ್ಕೆ ತೋಡಿನಿಂದ ತೋಡಿಗೆ 600 ಮೀಟರ್ ಅಗಲ, ಮುಂದಿನ ಸೂತ್ರಗಳಲ್ಲಿ L ಎಂದರೆ ಇದೇ. ನಡುವೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಐದು ಬಾವಿಗಳಿವೆ. ಬೆಳಿಗ್ಗೆ ಯಾರೂ ಪಂಪು ಹಾಕುವ ಮೊದಲು ಟೇಪಿಗೆ ತೂಕ ಕಟ್ಟಿ ಇಳಿಸಿ ಅಳೆದೆವು. ಬಾವಿಕಟ್ಟೆಗಳ ಎತ್ತರದ ವ್ಯತ್ಯಾಸವನ್ನು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಹಂತ ಹಂತವಾಗಿ ತೆಗೆದೆವು. ಬಾವಿಗಳು ಸಮ ಅಂತರದಲ್ಲಿ ಇರಲಿಲ್ಲ. ಹಾಗಾಗಿ ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ, ನಯವಾದ ಗೆರೆ ಎಳೆದು, ಪ್ರತಿ 100 ಮೀಟರಿನ ಮಟ್ಟವನ್ನು ಗೆರೆಯಿಂದ ಓದಿಕೊಂಡೆ. ಡಿಸೆಂಬರ್ 15ರಂದು ಪಶ್ಚಿಮದ ತೋಡಿನ ಮಟ್ಟದಿಂದ ಮೇಲಕ್ಕೆ ಸಿಕ್ಕಿದ ಎತ್ತರಗಳು ಮೀಟರಿನಲ್ಲಿ ಹೀಗಿದ್ದವು: 4.1, 6.0, 7.1, 7.6, 6.3.

ಈ ಸಮೀಕರಣ ಬಿಡಿಸಲು ಮಟ್ಟದ ಗೆರೆಯನ್ನು ಸೈನ್ ಅಲೆಗಳ ಮೊತ್ತವಾಗಿ ಬರೆಯುತ್ತಾರೆ, ಅದೇ ಫೋರಿಯರ್ ಸೈನ್ ಶ್ರೇಣಿ; n ನೆಯ ಅಲೆಯ ಎತ್ತರವೇ ಅದರ ಗುಣಾಂಕ b_n. ಆದರೆ ಈ ಎತ್ತರಗಳನ್ನು ನೇರವಾಗಿ ಶ್ರೇಣಿಗೆ ಹಾಕಬಾರದು. ಪೂರ್ವದ ತೋಡು ಪಶ್ಚಿಮದ್ದಕ್ಕಿಂತ 3 ಮೀಟರ್ ಎತ್ತರದಲ್ಲಿದೆ. sin(nπx/L) ಎರಡೂ ತುದಿಯಲ್ಲಿ ಸೊನ್ನೆಯಾಗುತ್ತದೆ, ನಮ್ಮ ನೀರಿನ ಮಟ್ಟ ಪೂರ್ವದ ತುದಿಯಲ್ಲಿ ಸೊನ್ನೆಯಾಗುವುದಿಲ್ಲ. ಹೊಸ ಮಳೆ ಬಾರದೆ ಬಹಳ ಕಾಲ ಹೋದರೆ ಮಟ್ಟ ಕೊನೆಗೆ ಎಲ್ಲಿ ನಿಲ್ಲುತ್ತದೆ? ಎರಡು ತೋಡುಗಳನ್ನು ಸೇರಿಸುವ ಸರಳ ರೇಖೆಯ ಮೇಲೆ. ಆ ರೇಖೆಯನ್ನು, ಅಂದರೆ 3x/600 ಅನ್ನು ಮೊದಲು ಕಳೆಯಬೇಕು. 0.5, 1.0, 1.5, 2.0, 2.5 ಕಳೆದಾಗ ಉಳಿದದ್ದು 3.6, 5.0, 5.6, 5.6, 3.8. ಕಾಲ ಕಳೆದಂತೆ ಇಳಿದು ಮುಗಿಯುವ ಭಾಗ ಇದು, ಫೋರಿಯರ್ ಶ್ರೇಣಿಗೆ ಹಾಕಬೇಕಾದ ಆರಂಭಿಕ ಸ್ಥಿತಿಯೂ ಇದೇ. ಕಳೆಯದೆ ಹಾಕಿದರೆ ತುದಿಯಲ್ಲಿ 3 ಮೀಟರಿನ ಜಿಗಿತ ಉಳಿಯುತ್ತದೆ. ಆಗ ಗುಣಾಂಕಗಳು 1/n ವೇಗದಲ್ಲಷ್ಟೇ ಸಣ್ಣದಾಗುತ್ತಾ ಹೋಗಿ ಎಷ್ಟು ಪದ ಸೇರಿಸಿದರೂ ಪೂರ್ವದ ಅಂಚಿನಲ್ಲಿ ಗೆರೆ ಅಲುಗಾಡುತ್ತಿರುತ್ತದೆ.

ಪುಸ್ತಕದಲ್ಲಿ ಗುಣಾಂಕಕ್ಕೆ ಸಮಾಕಲನ ಕೊಟ್ಟಿರುತ್ತಾರೆ. ನಮ್ಮ ಕೈಯಲ್ಲಿ ಸೂತ್ರವಿಲ್ಲ, ಐದು ಸಂಖ್ಯೆಗಳಿವೆ. ಅಗಲವನ್ನು ಆರು ಸಮಭಾಗ ಮಾಡಿರುವುದರಿಂದ ಸಮಾಕಲನದ ಬದಲು ಮೊತ್ತ ಸಾಕು: ಪ್ರತಿ ಸಂಖ್ಯೆಯನ್ನು ಆ ಜಾಗದ ಸೈನ್ ಬೆಲೆಯಿಂದ ಗುಣಿಸಿ, ಕೂಡಿಸಿ, 2/6ರಿಂದ ಗುಣಿಸುವುದು.

```
import numpy as np
f = np.array([3.6, 5.0, 5.6, 5.6, 3.8])
j = np.arange(1, 6)
for n in range(1, 6):
    print(n, round(f @ np.sin(n*np.pi*j/6) / 3, 3))
```

ಕ್ಯಾಲ್ಕುಲೇಟರಿನಲ್ಲೂ ಮಾಡಬಹುದು. ಮೂರನೆಯದಕ್ಕಂತೂ ಅದೂ ಬೇಡ, ಅದರ ಸೈನ್ ಬೆಲೆಗಳು 1, 0, −1, 0, 1 ಆಗಿರುವುದರಿಂದ 3.6 − 5.6 + 3.8 = 1.8, ಮೂರರಿಂದ ಭಾಗಿಸಿದರೆ 0.6. ಒಟ್ಟಾರೆ b1 = 6.16, b2 = −0.23, b3 = 0.60, b4 = 0.12, b5 = 0.04.

ಎತ್ತರದ ಅಳತೆಯಲ್ಲಿ ಒಂದು ಬಾವಿಗೆ 10 ಸೆಂಟಿಮೀಟರ್ ತಪ್ಪಿದರೆ ಪ್ರತಿ ಗುಣಾಂಕವೂ 3 ಸೆಂಟಿಮೀಟರಿನಷ್ಟು ಅಲ್ಲಾಡಬಹುದು. ಟ್ಯೂಬ್ ಹಿಡಿದು ಗುಡ್ಡ ದಾಟುವಾಗ ಅಷ್ಟು ತಪ್ಪು ಸಹಜ. ಆದ್ದರಿಂದ b5ಕ್ಕೆ ನಾನು ಅರ್ಥ ಹಚ್ಚಲಿಲ್ಲ, b4 ಅನ್ನೂ ನೆಚ್ಚಲಿಲ್ಲ. ಬಾವಿ ಐದೇ ಇರುವಾಗ ಏಳನೆಯ ಅಲೆಯೇನಾದರೂ ಇದ್ದರೆ ಅದು ಐದನೆಯದರ ವೇಷದಲ್ಲೇ ಕಾಣಿಸಿಕೊಳ್ಳುತ್ತದೆ ಎಂಬುದೂ ಇದಕ್ಕೆ ಕಾರಣ.

ಐದು ಪದ ಕೂಡಿಸಿದರೆ ಐದು ಅಳತೆಗಳೂ ಚಾಚೂ ತಪ್ಪದೆ ಮರಳಿ ಬರುತ್ತವೆ. ಇದನ್ನು ಕಂಡು ವಿದ್ಯಾರ್ಥಿಗಳು ಲೆಕ್ಕ ಸರಿಯಾಯಿತು ಎಂದು ನಿಲ್ಲಿಸಿಬಿಡುತ್ತಾರೆ. ಐದು ಬಿಂದುವಿಗೆ ಐದು ಗುಣಾಂಕ ಕೊಟ್ಟರೆ ಯಾವ ಗೆರೆಯೂ ಹೊಂದುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಪರೀಕ್ಷೆ ಇರುವುದು ಎರಡನೆಯ ಅಳತೆಯಲ್ಲಿ. ಸಮೀಕರಣ ನಮ್ಮ ಗುಡ್ಡಕ್ಕೆ ಒಪ್ಪುವುದೇ ಆದರೆ ಪ್ರತಿ ಗುಣಾಂಕವೂ ತನ್ನ ಪಾಡಿಗೆ ತಾನು ಇಳಿಯಬೇಕು, n ಎಷ್ಟೋ ಅದರ ವರ್ಗದಷ್ಟು ಬೇಗ:

```
b_n(t) = b_n(0) exp(-n² t / τ),   τ = L² / (π² D)
```

ಮೂವತ್ತು ದಿನದ ನಂತರ ಅದೇ ಕ್ರಮದಲ್ಲಿ ಅಳೆದು ಗುಣಾಂಕ ತೆಗೆದಾಗ b1 = 4.56, b2 = −0.08, b3 = 0.05 ಬಂತು. b1ರಿಂದ ln(6.16/4.56) = 0.30, ಅಂದರೆ b1 ತನ್ನ ಶೇಕಡಾ 37ಕ್ಕೆ ಇಳಿಯಲು ಬೇಕಾದ ಕಾಲ τ ಸುಮಾರು 100 ದಿನ. ಹಾಗಿದ್ದರೆ b2ಗೆ 25 ದಿನ, b3ಗೆ 11 ದಿನ. ಆ ಲೆಕ್ಕದಲ್ಲಿ b2 −0.07ಕ್ಕೂ b3 0.04ಕ್ಕೂ ಇಳಿದಿರಬೇಕು. ಅಳತೆಯ ತಪ್ಪಿನ ಮಿತಿಯೊಳಗೇ ಹಾಗೆ ಇಳಿದಿದ್ದವು. ಗುಡ್ಡ ಸಮೀಕರಣದಂತೆ ನಡೆಯುತ್ತಿದೆ ಎಂದು ನನಗೆ ನಂಬಿಕೆ ಬಂದದ್ದು ಇಲ್ಲಿ. D ಕೂಡ ಇದರಿಂದಲೇ ಸಿಗುತ್ತದೆ: 600² ಅನ್ನು π² × 100ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 365 ಚದರ ಮೀಟರ್.

ಸುರಂಗದ ಒಳತುದಿ ಗುಡ್ಡದ ನಡುವಿನಲ್ಲಿದೆ, ಅದರ ತಳ ಪಶ್ಚಿಮದ ತೋಡಿಗಿಂತ 4.5 ಮೀಟರ್ ಮೇಲೆ. ಧಾರೆ ಸಣ್ಣದಾದ್ದರಿಂದ ಸುರಂಗ ಎಳೆಯುವ ನೀರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಡುವೆ ಸರಳ ರೇಖೆಯ ಪಾಲು 1.5 ಮೀಟರ್, ಹಾಗಾಗಿ ಇಳಿಯುವ ಭಾಗ 3.0 ಮೀಟರಿಗೆ ಬಂದ ದಿನ ನೀರು ನಿಲ್ಲಬೇಕು. ಅಷ್ಟರಲ್ಲಿ ಮೇಲಿನ ಅಲೆಗಳೆಲ್ಲ ಸತ್ತಿರುತ್ತವೆ, ಉಳಿಯುವುದು b1 ಒಂದೇ. 6.16 ಇದ್ದದ್ದು 3.0 ಆಗಲು 72 ದಿನ, ಅಂದರೆ ಫೆಬ್ರವರಿ 25ರ ಹೊತ್ತಿಗೆ.

ಇಷ್ಟೆಲ್ಲ ಮಾಡದೆ ನಡುವಿನ ಬಾವಿಯೊಂದನ್ನೇ ನೋಡಿದರೆ ಆಗದೇ ಎಂದು ತೋಟದವರು ಕೇಳಿದರು. ಆಗುವುದಿಲ್ಲ, ಅದಕ್ಕೆ ಕಾರಣ b3. ನಡುವಿನಲ್ಲಿ ಮೂರನೆಯ ಅಲೆಯ ಬೆಲೆ −1. ಆದ್ದರಿಂದ ಮೊದಲ ದಿನ ಅಲ್ಲಿನ ಇಳಿಯುವ ಭಾಗ 6.16ರಿಂದ 0.6ರಷ್ಟು ಕಡಿಮೆಯಾಗಿ 5.6 ಇತ್ತು. ತಡವಾಗಿ ಬಂದ ಮಳೆ ಗುಡ್ಡದುದ್ದಕ್ಕೂ ಒಂದೇ ಸಮನೆ ನೀರು ಏರಿಸಿದಾಗ ನೆತ್ತಿ ಹೀಗೆ ಚಪ್ಪಟೆಯಾಗುತ್ತದೆ. ಒಂದೇ ಸಮನಾದ ಏರಿಕೆಯಲ್ಲಿ b3 ಎಂದರೆ b1ನ ಮೂರನೆಯ ಒಂದು ಪಾಲು. ಇಡೀ ಮಳೆಗಾಲ ನಿಧಾನವಾಗಿ ನೀರು ಕುಡಿದ ಗುಡ್ಡದ ಪರವಲಯದಂಥ ಬೆನ್ನಿನಲ್ಲಿ ಅದು 27ನೆಯ ಒಂದು ಪಾಲು ಮಾತ್ರ. ನಮ್ಮದು ಹತ್ತರಲ್ಲಿ ಒಂದು, ಎರಡರ ಮಿಶ್ರಣ. ಆ ಚಪ್ಪಟೆ ನೆತ್ತಿ ಮೊದಲ ತಿಂಗಳಲ್ಲಿ ಅಂಚುಗಳನ್ನು ಬೇಗ, ನಡುವನ್ನು ನಿಧಾನವಾಗಿ ಇಳಿಸುತ್ತದೆ. ನಡುವಿನ ಬಾವಿಯಲ್ಲಿ ಇಳಿಯುವ ಭಾಗ ಆ ತಿಂಗಳು 5.6ರಿಂದ 4.5ಕ್ಕಷ್ಟೇ ಇಳಿದಿತ್ತು. ಅದನ್ನೇ ನಂಬಿದರೆ τ 140 ದಿನ ಎಂದು ತೋರುತ್ತದೆ, ನೀರು ಮಾರ್ಚ್ 12ರವರೆಗೂ ಬರುತ್ತದೆ ಎಂಬ ಉತ್ತರ ಸಿಗುತ್ತದೆ. ಅಡಿಕೆಗೆ ನೀರು ಬೇಕಾದ ಹೊತ್ತಿನಲ್ಲಿ ಈ ಹದಿನೈದು ದಿನ ಸಣ್ಣ ಮಾತಲ್ಲ. ಫೆಬ್ರವರಿ 13ಕ್ಕೆ ನಡುವಿನ ಬಾವಿಯ ಪೂರ್ತಿ ಮಟ್ಟ, ಸರಳ ರೇಖೆಯ 1.5 ಸೇರಿಸಿ, ಒಂದೇ ಬಾವಿಯ ಲೆಕ್ಕದಲ್ಲಿ 5.15 ಇರಬೇಕಿತ್ತು, ಗುಣಾಂಕಗಳ ಲೆಕ್ಕದಲ್ಲಿ 4.88. ಅಳೆದಾಗ 4.9 ಇತ್ತು.

ಐದು ಬಾವಿ ಇಲ್ಲದವರಿಗೂ ದಾರಿಯಿದೆ. ಅಗಲದ ಮೂರನೆಯ ಒಂದು ಪಾಲಿನಲ್ಲೂ ಮೂರನೆಯ ಎರಡು ಪಾಲಿನಲ್ಲೂ, ನಮ್ಮಲ್ಲಿ 200 ಮತ್ತು 400 ಮೀಟರಿನಲ್ಲಿ, sin(3πx/L) ಸೊನ್ನೆ. ಆ ಎರಡು ಬಾವಿಗಳ ಸರಾಸರಿ ತೆಗೆದರೆ b2 ಮತ್ತು b4 ಕೂಡ ಒಂದನ್ನೊಂದು ಹೊಡೆದುಹಾಕುತ್ತವೆ. ನಮ್ಮ ಮೊದಲ ದಿನದ ಸರಾಸರಿ 5.3, ಅದನ್ನು 0.866ರಿಂದ ಭಾಗಿಸಿದರೆ 6.12. ಐದು ಬಾವಿಯಿಂದ ಬಂದ 6.16ಕ್ಕೆ ಎಷ್ಟು ಹತ್ತಿರ ನೋಡಿ. ಎರಡೇ ಬಾವಿ ಅಳೆಯಲು ಸಾಧ್ಯವಿದ್ದರೆ ನಾನು ಅವೆರಡನ್ನೇ ಆರಿಸಿಕೊಳ್ಳುತ್ತೇನೆ.

ಈ ಕ್ರಮ ನಡೆಯದ ಜಾಗಗಳೂ ಇವೆ. ಒಂದು ಬದಿಯಲ್ಲಿ ತೋಡಿನ ಬದಲು ನೀರು ಹಾಯಲು ಬಿಡದ ಕಪ್ಪುಕಲ್ಲು ಇದ್ದರೆ ಆ ಅಂಚಿನ ಹತ್ತಿರದ ಬಾವಿಯಲ್ಲೇ ಎಲ್ಲಕ್ಕಿಂತ ಹೆಚ್ಚು ನೀರು ಇರುತ್ತದೆ. ಆಗ sin((2n−1)πx/2L) ಬಳಸಬೇಕು, τ ನಾಲ್ಕು ಪಟ್ಟಾಗುತ್ತದೆ. ತೋಡು ಬತ್ತಿದ ಮೇಲೆ ಅಲ್ಲಿನ ಮಟ್ಟ ಸ್ಥಿರವಲ್ಲ, ಅಂದಿನಿಂದ ಈ ಗುಣಾಂಕಗಳಿಗೆ ಬೆಲೆಯಿಲ್ಲ. ನಮ್ಮಲ್ಲಿ ನೀರು ನಿಲ್ಲುವ ದಿನದವರೆಗೆ ತೋಡು ಹರಿಯುತ್ತಿತ್ತು.

ಲೆಕ್ಕ ತೋರಿಸಿದಾಗ ತೋಟದವರು ಕೇಳಿದ್ದು, ಜನವರಿ ನಡುವಿನಲ್ಲಿ ಪಶ್ಚಿಮದ ತೋಡಿಗೆ ಕಟ್ಟ ಹಾಕಿ ಒಂದು ಮೀಟರ್ ನೀರು ನಿಲ್ಲಿಸಿದರೆ ಸುರಂಗಕ್ಕೆ ಎಷ್ಟು ಲಾಭ ಎಂದು. ಕಟ್ಟ ಹಾಕಿದ ದಿನ ಗಡಿ ಬದಲಾಗುತ್ತದೆ, ಕೊನೆಗೆ ಮುಟ್ಟಬೇಕಾದ ಸರಳ ರೇಖೆಯೂ ಬದಲಾಗುತ್ತದೆ. ಆದ್ದರಿಂದ ಆ ದಿನವನ್ನೇ ಹೊಸ ಆರಂಭವೆಂದು ಹಿಡಿದು ಗುಣಾಂಕ ಮತ್ತೆ ತೆಗೆಯಬೇಕು. ಹೊಸ ರೇಖೆ ಹಳೆಯದಕ್ಕಿಂತ 1 − x/L ಮೇಲೆ, ಅದರ ಸೈನ್ ಗುಣಾಂಕ 2/(nπ). b1 4.56 ಇದ್ದದ್ದು 0.64 ಕಳೆದು 3.92 ಆಗುತ್ತದೆ. ನಡುವಿನ ರೇಖೆ 1.5ರಿಂದ 2.0ಕ್ಕೆ ಏರುವುದರಿಂದ ಈಗ 2.5ಕ್ಕೆ ಇಳಿಯುವವರೆಗೆ ಕಾಯಬೇಕು: 45 ದಿನ. ಕಟ್ಟವಿಲ್ಲದಿದ್ದರೆ 42 ದಿನ. ಮೂರು ದಿನದ ಲಾಭ ಎಂದೆ. ತೋಡಿನಲ್ಲಿ ನಿಲ್ಲಿಸಿದ ನೀರಿನ ಪ್ರಭಾವ 300 ಮೀಟರ್ ಒಳಗೆ ಬರಲು ಹೊತ್ತು ಬೇಕು. ನೂರು ದಿನವಾದರೆ ನಡುವಿನ ಮಟ್ಟ 27 ಸೆಂಟಿಮೀಟರ್ ಹೆಚ್ಚಿರುತ್ತದೆ, ಆದರೆ ಅಷ್ಟರಲ್ಲಿ ಮಟ್ಟ ಸುರಂಗದ ತಳಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತದೆ. ಕಟ್ಟದಿಂದ ಬೇಗ ಉಪಕಾರವಾಗುವುದು ತೋಡಿಗೆ ಹತ್ತಿರದ 100 ಮೀಟರಿನ ಬಾವಿಗೆ. ಅವರು ಆ ಬಾವಿಗಾಗಿಯೇ ಕಟ್ಟ ಹಾಕುವುದೆಂದು ತೀರ್ಮಾನಿಸಿದರು, ಮುಂದಿನ ವರ್ಷ ಡಿಸೆಂಬರಿನಲ್ಲೇ.